ಔಷಧ ಶುರುವಾದ ಮೇಲೆ ಕುತ್ತಿಗೆಯ ಗಂಟು ದೊಡ್ಡದಾದರೆ: ಟಿಬಿ ಗ್ರ್ಯಾನುಲೋಮದ ಒಳಗೆ ನಡೆಯುವುದೇನು?

ಪ್ರಶ್ನೆ: ನಾವು ಚಿಂತಾಮಣಿ ತಾಲ್ಲೂಕಿನವರು. ನನ್ನ ತಂಗಿಗೆ 23 ವರ್ಷ. ಕುತ್ತಿಗೆಯ ಬಲಭಾಗದಲ್ಲಿ ಗಂಟು ಎದ್ದಿತ್ತು. ಸೂಜಿ ಹಾಕಿ ಪರೀಕ್ಷೆ ಮಾಡಿದಾಗ ‘ಗ್ರ್ಯಾನುಲೋಮ ಇದೆ, ಕೇಸಿಯೇಷನ್ ಇದೆ, ಎಎಫ್‌ಬಿ ಕಂಡಿಲ್ಲ’ ಎಂದು ವರದಿ ಬಂತು. ಮ್ಯಾಂಟೂ 19 ಮಿ.ಮೀ. ಸಿಬಿನಾಟ್‌ನಲ್ಲಿ ಟಿಬಿ ಇದೆ, ರಿಫಾಂಪಿಸಿನ್‌ಗೆ ಪ್ರತಿರೋಧ ಇಲ್ಲ ಎಂದು ಬಂತು. ಮಾತ್ರೆ ಶುರುವಾಗಿ ಏಳು ವಾರವಾಯಿತು. ಮೊದಲು ಕುಗ್ಗುತ್ತಿದ್ದ ಗಂಟು ಈಗ ಎರಡರಷ್ಟಾಗಿದೆ, ಪಕ್ಕದಲ್ಲಿ ಇನ್ನೊಂದು ಎದ್ದಿದೆ. ಡಾಕ್ಟರು ‘ಇದು ಕ್ರಿಮಿಯಿಂದಲ್ಲ, ದೇಹದ ಪ್ರತಿಕ್ರಿಯೆ, ಬೇಕಾದರೆ ಸ್ಟೀರಾಯ್ಡ್ ಕೊಡೋಣ’ ಅಂದರು. ಕ್ರಿಮಿ ಕಾಣದಿದ್ದರೂ ಟಿಬಿ ಹೇಗೆ? ಔಷಧ ಹಿಡಿಯಲಿಲ್ಲವೇ? ಸ್ಟೀರಾಯ್ಡ್ ಕೊಟ್ಟರೆ ಟಿಬಿ ಇನ್ನೂ ಹೆಚ್ಚುವುದಿಲ್ಲವೇ? ಮನೆಯಲ್ಲಿ ಹಿರಿಯರು ಕೊಯ್ಸಿಬಿಡಿ ಅನ್ನುತ್ತಿದ್ದಾರೆ.

ಉತ್ತರ: ನೀವು ಕೊಟ್ಟಿರುವ ವಿವರಗಳನ್ನು ನೋಡಿದರೆ ನಿಮ್ಮ ವೈದ್ಯರ ಮಾತು ಸರಿ ಇರುವ ಸಾಧ್ಯತೆಯೇ ಹೆಚ್ಚು. ಆದರೂ ಅದನ್ನು ಖಚಿತವೆಂದು ಒಪ್ಪಿಕೊಳ್ಳುವ ಮುನ್ನ ಒಂದೆರಡು ಪರೀಕ್ಷೆಗಳು ಆಗಬೇಕು. ಅವು ಯಾವುವೆಂದು ಮುಂದೆ ಹೇಳುತ್ತೇನೆ. ಕೋಲಾರ ಮತ್ತು ಚಿಕ್ಕಬಳ್ಳಾಪುರದ ಕಡೆಯಿಂದ ಬರುವ ಇಂಥ ಗಂಟುಗಳ ಸ್ಲೈಡುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ದಿನನಿತ್ಯದ ಕೆಲಸ. ಆ ಅನುಭವದಿಂದ ಮೊದಲೇ ಒಂದು ಮಾತು ಹೇಳಬೇಕು: ಟಿಬಿಯ ಗಂಟಿನಲ್ಲಿ ಕೈಗೆ ಸಿಗುವ ಗಾತ್ರವೆಲ್ಲ ಕ್ರಿಮಿಯದಲ್ಲ. ಅದರ ಬಹುಪಾಲು ನಿಮ್ಮ ತಂಗಿಯದೇ ಬಿಳಿ ರಕ್ತಕಣಗಳು. ಆದ್ದರಿಂದ ಗಂಟು ಎಷ್ಟು ದೊಡ್ಡದು ಎಂಬುದು ಕ್ರಿಮಿ ಎಷ್ಟಿದೆ ಎಂಬುದನ್ನು ಹೇಳುವುದಿಲ್ಲ. ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಇಲ್ಲಿಂದಲೇ ಹೊರಡುತ್ತದೆ.

ಇದನ್ನು ತಿಳಿಯಲು ತಂಗಿಯ ಮುಂಗೈ ಮೇಲೆ ಮಾಡಿದ ಮ್ಯಾಂಟೂ ಪರೀಕ್ಷೆಯನ್ನೇ ನೆನಪು ಮಾಡಿಕೊಳ್ಳಿ. ಅದರಲ್ಲಿ ಚರ್ಮದ ಪದರದೊಳಕ್ಕೆ 0.1 ಮಿ.ಲೀ. ದ್ರವವನ್ನು ಚುಚ್ಚುತ್ತಾರೆ. ಅದರಲ್ಲಿರುವುದು ಟಿಬಿ ಕ್ರಿಮಿಯಿಂದ ತೆಗೆದು ಶುದ್ಧ ಮಾಡಿದ ಪ್ರೋಟೀನ್ ಮಾತ್ರ; ಜೀವಂತ ಕ್ರಿಮಿಯಾಗಲಿ ಸತ್ತ ಕ್ರಿಮಿಯಾಗಲಿ ಅದರಲ್ಲಿ ಇರುವುದಿಲ್ಲ. ಚುಚ್ಚಿದ ಕೂಡಲೇ ಏಳುವ ಸಣ್ಣ ಬೊಬ್ಬೆ ಸ್ವಲ್ಪ ಹೊತ್ತಿಗೆ ಇಳಿದುಹೋಗುತ್ತದೆ. ಆಮೇಲೆ ಹಲವು ಗಂಟೆಗಳ ಕಾಲ ಅಲ್ಲಿ ವಿಶೇಷವೇನೂ ಕಾಣುವುದಿಲ್ಲ. ಎರಡನೆಯ, ಮೂರನೆಯ ದಿನದ ಹೊತ್ತಿಗೆ ಅದೇ ಜಾಗ ಗಟ್ಟಿಯಾಗಿ ಉಬ್ಬುತ್ತದೆ. ಅದಕ್ಕಾಗಿಯೇ 48ರಿಂದ 72 ಗಂಟೆಗಳ ನಡುವೆ ಬಂದು ತೋರಿಸಿ ಎನ್ನುವುದು. ಅಳೆಯುವವರು ಕೆಂಪಾದ ಭಾಗವನ್ನು ಬಿಟ್ಟು, ಬೆರಳಿಗೆ ಗಟ್ಟಿಯಾಗಿ ತಗಲುವ ಉಬ್ಬನ್ನು ಮಾತ್ರ, ಮುಂಗೈಗೆ ಅಡ್ಡಲಾಗಿ ಅಳೆಯುತ್ತಾರೆ. ನಿಮ್ಮ ತಂಗಿಗೆ ಅದು 19 ಮಿ.ಮೀ. ಬಂತು. ಒಂದೇ ಒಂದು ಕ್ರಿಮಿಯೂ ಇಲ್ಲದ ಜಾಗದಲ್ಲಿ ಅಷ್ಟು ದೊಡ್ಡ ಗಟ್ಟಿ ಉಬ್ಬು ಎದ್ದಿತಲ್ಲವೇ? ಕುತ್ತಿಗೆಯ ಗಂಟಿನಲ್ಲಿ ನಡೆಯುತ್ತಿರುವುದೂ ಇದೇ ಪ್ರಕ್ರಿಯೆ. ಅಲ್ಲಿ ಅದು ಇನ್ನಷ್ಟು ದೊಡ್ಡ ಪ್ರಮಾಣದಲ್ಲಿ, ತಿಂಗಳುಗಟ್ಟಲೆ ನಡೆಯುತ್ತದೆ ಎಂಬುದಷ್ಟೇ ವ್ಯತ್ಯಾಸ.

ಉಬ್ಬು ಏಳಲು ಎರಡು ದಿನ ಏಕೆ ಬೇಕಾಯಿತು ಎಂಬುದರಲ್ಲೇ ಇದರ ಸ್ವಭಾವ ಅಡಗಿದೆ. ಕಡಲೆಕಾಯಿಯೋ ಪೆನಿಸಿಲಿನ್ನೋ ಒಗ್ಗದವರಿಗೆ ನಿಮಿಷಗಳಲ್ಲಿ ದದ್ದು ಏಳುತ್ತದೆ. ಅದು ರಕ್ತದಲ್ಲಿ ಮೊದಲೇ ಸಿದ್ಧವಾಗಿರುವ ಪ್ರತಿಕಾಯಗಳ ಕೆಲಸ. ಇಲ್ಲಿ ಪ್ರತಿಕಾಯಗಳಿಗೆ ಮುಖ್ಯ ಪಾತ್ರವಿಲ್ಲ. ಹಿಂದೆ ಟಿಬಿ ಕ್ರಿಮಿಯನ್ನು ಕಂಡು ನೆನಪಿಟ್ಟುಕೊಂಡಿರುವ ಸಹಾಯಕ ಟಿ ಕೋಶಗಳು ರಕ್ತದಲ್ಲಿ ಬಹಳ ವಿರಳವಾಗಿ ಸುತ್ತುತ್ತಿರುತ್ತವೆ. ಅವುಗಳಲ್ಲಿ ಕೆಲವು ಆ ಜಾಗಕ್ಕೆ ಬರಬೇಕು, ಪ್ರೋಟೀನಿನ ತುಣುಕನ್ನು ಗುರುತು ಹಿಡಿಯಬೇಕು, ರಾಸಾಯನಿಕ ಸಂಕೇತಗಳನ್ನು ಹೊರಬಿಡಬೇಕು, ಆ ಸಂಕೇತಕ್ಕೆ ಓಗೊಟ್ಟು ಇನ್ನಷ್ಟು ಬಿಳಿ ಕಣಗಳು ರಕ್ತನಾಳದಿಂದ ಹೊರಬಂದು ಅಲ್ಲಿ ನೆಲೆಸಬೇಕು. ಇಷ್ಟಕ್ಕೆ ಎರಡು ದಿನ ಹಿಡಿಯುತ್ತದೆ. ವೈದ್ಯಶಾಸ್ತ್ರದಲ್ಲಿ ಇದನ್ನು ವಿಳಂಬಿತ ಅತಿಸಂವೇದನೆ, ನಾಲ್ಕನೆಯ ಬಗೆಯ ಅತಿಸಂವೇದನೆ ಎಂದು ಕರೆಯುತ್ತಾರೆ. ಈ ಗುಣ ಕೋಶಗಳದ್ದೇ ಹೊರತು ರಕ್ತದ ದ್ರವಭಾಗದ್ದಲ್ಲ ಎಂಬುದನ್ನು 1940ರ ದಶಕದಲ್ಲಿ ಮೆರಿಲ್ ಚೇಸ್ ಗಿನಿಯಿಲಿಗಳಲ್ಲಿ ತೋರಿಸಿಕೊಟ್ಟರು: ಟಿಬಿಗೆ ಸಂವೇದನೆ ಇದ್ದ ಪ್ರಾಣಿಯ ಬಿಳಿ ಕಣಗಳನ್ನು ಇನ್ನೊಂದಕ್ಕೆ ಕೊಟ್ಟಾಗ ಅದಕ್ಕೂ ಆ ಸಂವೇದನೆ ಬಂತು, ಬರೀ ಸೀರಮ್ ಕೊಟ್ಟಾಗ ಬರಲಿಲ್ಲ. ಇದರಿಂದ ಎರಡು ವಿಷಯ ನಮ್ಮ ಬಳಕೆಗೆ ಬರುತ್ತವೆ. ದದ್ದಿಗೆ ಕೊಡುವ ಸೆಟ್ರಿಜಿನ್‌ನಂಥ ಅಲರ್ಜಿ ಮಾತ್ರೆ ಈ ಗಂಟಿಗೆ ಕೆಲಸ ಮಾಡುವುದಿಲ್ಲ. ರಕ್ತದಲ್ಲಿ ಟಿಬಿಯ ಪ್ರತಿಕಾಯ ಹುಡುಕುವ ಐಜಿಜಿ, ಐಜಿಎಂ ಪರೀಕ್ಷೆಗಳಿಂದಲೂ ರೋಗ ತಿಳಿಯುವುದಿಲ್ಲ. ದಾರಿ ತಪ್ಪಿಸುತ್ತವೆ ಎಂಬ ಕಾರಣಕ್ಕೇ ಭಾರತ ಸರ್ಕಾರ 2012ರಲ್ಲಿ ಅಂಥ ಕಿಟ್‌ಗಳನ್ನು ನಿಷೇಧಿಸಿತು. ಯಾರಾದರೂ ಬರೆದುಕೊಟ್ಟರೆ ಅದಕ್ಕೆ ದುಡ್ಡು ಹಾಕಬೇಡಿ.

ಮ್ಯಾಂಟೂ ಅಂಕಿ ದೊಡ್ಡದಾದಷ್ಟೂ ರೋಗ ದೊಡ್ಡದು ಎಂಬ ನಂಬಿಕೆಯೂ ನಮ್ಮಲ್ಲಿದೆ. ಅದು ಸರಿಯಲ್ಲ. 10 ಮಿ.ಮೀ. ದಾಟಿದರೆ ದೇಹಕ್ಕೆ ಟಿಬಿ ಕ್ರಿಮಿಯ ಪರಿಚಯವಿದೆ ಎಂದು ಸಾಮಾನ್ಯವಾಗಿ ಎಣಿಸುತ್ತೇವೆ, ಅಷ್ಟೇ. ದೇಹದ ತುಂಬ ಟಿಬಿ ಹರಡಿ ತೀರಾ ನಿತ್ರಾಣರಾದವರಲ್ಲಿ ಈ ಪರೀಕ್ಷೆ ಎಷ್ಟೋ ಸಲ ಸೊನ್ನೆ ಬರುತ್ತದೆ, ಏಕೆಂದರೆ ಅವರಲ್ಲಿ ಪ್ರತಿಕ್ರಿಯಿಸುವ ಶಕ್ತಿಯೇ ಉಡುಗಿರುತ್ತದೆ.

ಈಗ ಮುಂಗೈ ಬಿಟ್ಟು ಕುತ್ತಿಗೆಗೆ ಬರೋಣ. ಅಲ್ಲಿ ಗಂಟಾಗಿ ಊದಿರುವುದು ದುಗ್ಧಗ್ರಂಥಿ. ಮ್ಯಾಂಟೂ ಉಬ್ಬು ಒಂದೆರಡು ವಾರದಲ್ಲಿ ಮಾಯುತ್ತದೆ, ಏಕೆಂದರೆ ಚುಚ್ಚಿದ ಪ್ರೋಟೀನನ್ನು ದೇಹ ಅಷ್ಟರಲ್ಲಿ ತೆಗೆದುಹಾಕಿರುತ್ತದೆ. ಟಿಬಿ ಕ್ರಿಮಿಯನ್ನು ಹಾಗೆ ತೆಗೆದುಹಾಕಲು ಆಗುವುದಿಲ್ಲ. ಉಸಿರಿನೊಂದಿಗೆ ಒಳಹೋದ ಕ್ರಿಮಿಯನ್ನು ಮ್ಯಾಕ್ರೋಫೇಜ್ ಎಂಬ ದೊಡ್ಡ ಬಿಳಿ ಕೋಶ ನುಂಗುತ್ತದೆ. ಬೇರೆ ಕ್ರಿಮಿಯಾಗಿದ್ದರೆ ಕೋಶದೊಳಗಿನ ಜೀರ್ಣರಸದ ಚೀಲ ಬಂದು ಅದರೊಂದಿಗೆ ಕೂಡಿಕೊಂಡು ಕರಗಿಸುತ್ತಿತ್ತು. ಟಿಬಿ ಕ್ರಿಮಿ ಆ ಕೂಡಿಕೆಯನ್ನೇ ತಡೆದು, ಮೇಣದಂಥ ದಪ್ಪ ಹೊರಕವಚ ಹೊದ್ದುಕೊಂಡು, ನುಂಗಿದ ಕೋಶದ ಒಳಗೇ ಬದುಕುತ್ತದೆ. ಅದರ ಬೆಳವಣಿಗೆ ನಿಧಾನ. ಒಂದು ಎರಡಾಗಲು ಸುಮಾರು 20 ಗಂಟೆ ಬೇಕು. ಮೊದಲ ಕೆಲವು ವಾರ ದೇಹಕ್ಕೆ ಇದರ ಸುಳಿವೇ ಸರಿಯಾಗಿ ಸಿಕ್ಕಿರುವುದಿಲ್ಲ. ಕ್ರಿಮಿಯ ತುಣುಕುಗಳು ದುಗ್ಧಗ್ರಂಥಿಗೆ ತಲುಪಿ, ಅಲ್ಲಿ ಸಹಾಯಕ ಟಿ ಕೋಶಗಳಿಗೆ ಪರಿಚಯವಾಗಿ, ಅವು ಸಾಕಷ್ಟು ಸಂಖ್ಯೆಯಲ್ಲಿ ಬೆಳೆದು ಮ್ಯಾಂಟೂ ಪಾಸಿಟಿವ್ ಆಗುವುದಕ್ಕೆ ಮೂರರಿಂದ ಎಂಟು ವಾರ ಹಿಡಿಯುತ್ತದೆ.

ಆ ಹಂತ ಬಂದ ಮೇಲೆ ಚಿತ್ರ ಬದಲಾಗುತ್ತದೆ. ಸಹಾಯಕ ಟಿ ಕೋಶಗಳು ಇಂಟರ್‌ಫೆರಾನ್ ಗಾಮಾ ಎಂಬ ವಸ್ತುವನ್ನು ಬಿಡುತ್ತವೆ. ಅದು ತಗುಲಿದ ಮ್ಯಾಕ್ರೋಫೇಜ್ ಮೊದಲಿನಂತಿರುವುದಿಲ್ಲ. ಒಳಗಿನ ಕ್ರಿಮಿಯನ್ನು ಕೊಲ್ಲುವ ಶಕ್ತಿ ಅದಕ್ಕೆ ಬರುತ್ತದೆ. ಮ್ಯಾಕ್ರೋಫೇಜ್ ತಾನೇ ಟಿಎನ್‌ಎಫ್ ಎಂಬ ಇನ್ನೊಂದು ವಸ್ತುವನ್ನು ಸುರಿಸುತ್ತದೆ, ಅದರ ಸೆಳೆತಕ್ಕೆ ರಕ್ತದಿಂದ ಹೊಸ ಕೋಶಗಳು ಬಂದು ಸೇರಿಕೊಳ್ಳುತ್ತವೆ. ಸ್ಲೈಡಿನಲ್ಲಿ ನನಗೆ ಕಾಣುವುದು ಈ ಕೂಟ. ನಡುವೆ ಉದ್ದನೆಯ, ಅಂಚು ಅಸ್ಪಷ್ಟವಾದ, ಒಂದಕ್ಕೊಂದು ಒತ್ತಿಕೊಂಡ ಮ್ಯಾಕ್ರೋಫೇಜ್‌ಗಳು. ಇವನ್ನು ಎಪಿಥೀಲಿಯಾಯ್ಡ್ ಕೋಶಗಳೆನ್ನುತ್ತೇವೆ. ಅಲ್ಲಲ್ಲಿ ಹಲವು ಮ್ಯಾಕ್ರೋಫೇಜ್‌ಗಳು ಕೂಡಿ ಒಂದೇ ದೈತ್ಯಕೋಶವಾಗಿ, ಅದರ ಹತ್ತಾರು ಕೋಶಕೇಂದ್ರಗಳು ಅಂಚಿನ ಉದ್ದಕ್ಕೂ ಅರ್ಧಚಂದ್ರಾಕಾರದಲ್ಲಿ ಸಾಲಾಗಿ ನಿಂತಿರುತ್ತವೆ. ಸುತ್ತಲೂ ಸಣ್ಣ, ಗುಂಡಗಿನ, ಕಡುನೀಲಿ ಬಣ್ಣ ಹಿಡಿದ ಲಿಂಫೋಸೈಟುಗಳು. ಸಹಾಯಕ ಟಿ ಕೋಶಗಳು ಇವುಗಳಲ್ಲೇ ಇರುತ್ತವೆ. ಈ ಇಡೀ ರಚನೆಯೇ ಗ್ರ್ಯಾನುಲೋಮ. ನಡುವಿನ ಕೋಶಗಳು ಕೊನೆಗೆ ಸತ್ತು ಕೇಸಿಯೇಷನ್ ಆಗುತ್ತದೆ. ಸೂಜಿಯಿಂದ ಎಳೆದಾಗ ಸಿರಿಂಜಿಗೆ ಬರುವುದು ಅದೇ, ಗಿಣ್ಣಿನಂತೆ ಹಳದಿ ಬೆರೆತ ಬಿಳುಪಿನ, ಪುಡಿಪುಡಿಯಾದ ವಸ್ತು. ಅದನ್ನು ಕೀವೆಂದು ತಿಳಿದು ಸಾಮಾನ್ಯ ಆಂಟಿಬಯೋಟಿಕ್‌ಗಳನ್ನು ಒಂದರ ಮೇಲೊಂದು ನುಂಗಿ ಬಂದವರನ್ನು ನಾವು ಆಗಾಗ ನೋಡುತ್ತೇವೆ.

ಎಎಫ್‌ಬಿ, ಅಂದರೆ ಬಣ್ಣ ಹಾಕಿದ ಸ್ಲೈಡಿನಲ್ಲಿ ಗುರುತಿಸುವ ಟಿಬಿ ಕ್ರಿಮಿ, ಕಾಣದಿರುವುದಕ್ಕೂ ಇಲ್ಲೇ ಕಾರಣವಿದೆ. ಈ ಕೂಟದೊಳಗೆ ಆಮ್ಲಜನಕ ಕಡಿಮೆ, ಕೊಲ್ಲಲು ಸಿದ್ಧವಾದ ಮ್ಯಾಕ್ರೋಫೇಜ್‌ಗಳು ಹೆಚ್ಚು. ಕ್ರಿಮಿಗಳ ಸಂಖ್ಯೆ ಕುಸಿದು, ಉಳಿದವು ಹೆಚ್ಚುಕಡಿಮೆ ಬೆಳವಣಿಗೆ ನಿಲ್ಲಿಸಿರುತ್ತವೆ. ಬಣ್ಣ ಹಾಕಿದ ಸ್ಲೈಡಿನಲ್ಲಿ ಕಣ್ಣಿಗೆ ಬೀಳಬೇಕಾದರೆ ಒಂದು ಮಿ.ಲೀ. ಮಾದರಿಯಲ್ಲಿ ಸುಮಾರು 5,000ದಿಂದ 10,000 ಕ್ರಿಮಿಗಳಾದರೂ ಇರಬೇಕು. ಗಂಟಿನಲ್ಲಿ ಅಷ್ಟು ಇರುವುದು ಅಪರೂಪ. ಸಿಬಿನಾಟ್ ಹುಡುಕುವುದು ಕ್ರಿಮಿಯ ಡಿಎನ್‌ಎಯನ್ನು, ಅದನ್ನು ಹಲವು ಪಟ್ಟು ಹೆಚ್ಚಿಸಿಕೊಂಡು. ಹಾಗಾಗಿ ನೂರರ ಲೆಕ್ಕದಲ್ಲಿದ್ದರೂ ಅದು ಹಿಡಿಯಬಲ್ಲದು. ನಿಮ್ಮ ತಂಗಿಯ ಎರಡು ವರದಿಗಳಲ್ಲಿ ಪರಸ್ಪರ ವಿರೋಧವೇನೂ ಇಲ್ಲ. ಇದಕ್ಕೆ ತದ್ವಿರುದ್ಧವಾದ ಚಿತ್ರ ಎಚ್‌ಐವಿ ಇದ್ದು ಸಹಾಯಕ ಟಿ ಕೋಶಗಳು ತೀರಾ ಕಡಿಮೆಯಾದವರ ಸ್ಲೈಡಿನಲ್ಲಿ ಸಿಗುತ್ತದೆ: ಅಲ್ಲಿ ಗ್ರ್ಯಾನುಲೋಮ ಸರಿಯಾಗಿ ಕಟ್ಟಿಕೊಂಡಿರುವುದೇ ಇಲ್ಲ, ನೀಲಿ ಹಿನ್ನೆಲೆಯ ಮೇಲೆ ಕೆಂಪು ಕಡ್ಡಿಗಳಂಥ ಕ್ರಿಮಿಗಳು ರಾಶಿರಾಶಿಯಾಗಿ ಕಾಣುತ್ತವೆ. ಅಂದರೆ ಗ್ರ್ಯಾನುಲೋಮ ಚೆನ್ನಾಗಿ ರೂಪುಗೊಂಡು ಕ್ರಿಮಿ ಕಾಣದಿದ್ದರೆ, ದೇಹ ಬಲವಾಗಿ ಪ್ರತಿಕ್ರಿಯಿಸುತ್ತಿದೆ ಎಂದೇ ಓದಿಕೊಳ್ಳಬೇಕು. ಗ್ರ್ಯಾನುಲೋಮ ಕಂಡಲ್ಲೆಲ್ಲ ಟಿಬಿಯೇ ಎಂದು ಮಾತ್ರ ಹೇಳುವಂತಿಲ್ಲ. ಸಾರ್ಕಾಯ್ಡೋಸಿಸ್‌ನಲ್ಲೂ ಕೆಲವು ಶಿಲೀಂಧ್ರ ರೋಗಗಳಲ್ಲೂ ಅದು ಆಗುತ್ತದೆ. ನಿಮ್ಮ ತಂಗಿಯಲ್ಲಿ ಕೇಸಿಯೇಷನ್ ಮತ್ತು ಸಿಬಿನಾಟ್ ಎರಡೂ ಒಂದೇ ಕಡೆ ಬೊಟ್ಟು ಮಾಡುತ್ತಿರುವುದರಿಂದ ಆ ಅನುಮಾನಕ್ಕೆ ಹೆಚ್ಚು ಜಾಗವಿಲ್ಲ.

ಹಾಗಿದ್ದರೆ ಏಳನೆಯ ವಾರದಲ್ಲಿ ಗಂಟು ಬೆಳೆದದ್ದು ಏಕೆ? ಮಾತ್ರೆಗಳು ಕ್ರಿಮಿಗಳನ್ನು ಕೊಲ್ಲುತ್ತವೆ. ಸತ್ತ ಕ್ರಿಮಿ ಒಡೆದಾಗ ಅದರ ಪ್ರೋಟೀನುಗಳೂ ಹೊರಕವಚದ ಕೊಬ್ಬಿನಂಶಗಳೂ ಒಮ್ಮೆಲೇ ಹೊರಬೀಳುತ್ತವೆ. ಜೊತೆಗೆ, ರೋಗದ ಭಾರ ಇಳಿದು ಚೇತರಿಸಿಕೊಳ್ಳುವ ದೇಹದಲ್ಲಿ ಸಹಾಯಕ ಟಿ ಕೋಶಗಳ ಪ್ರತಿಕ್ರಿಯೆಯೂ ಚುರುಕಾಗುತ್ತದೆ. ಮ್ಯಾಂಟೂವಿನಲ್ಲಿ ಒಂದು ಹನಿ ಪ್ರೋಟೀನಿಗೆ ಏನಾಯಿತೋ ಅದೇ ಇಲ್ಲಿ ಗ್ರಂಥಿಯ ಒಳಗೆ ಆಗುತ್ತದೆ. ಟಿ ಕೋಶಗಳು ಮತ್ತೆ ಕೆರಳುತ್ತವೆ, ಮ್ಯಾಕ್ರೋಫೇಜ್‌ಗಳು ಮತ್ತೆ ತುಂಬಿಕೊಳ್ಳುತ್ತವೆ, ಗಂಟು ಉಬ್ಬುತ್ತದೆ. ಮೊದಲು ಕೈಗೆ ಸಿಗದಷ್ಟು ಸಣ್ಣದಾಗಿದ್ದ ಪಕ್ಕದ ಗ್ರಂಥಿಯಲ್ಲೂ ಇದು ನಡೆದಾಗ ಹೊಸ ಗಂಟು ಎದ್ದಂತೆ ಕಾಣುತ್ತದೆ. ಇದನ್ನು ಪ್ಯಾರಡಾಕ್ಸಿಕಲ್ ಪ್ರತಿಕ್ರಿಯೆ ಎನ್ನುತ್ತಾರೆ. ದುಗ್ಧಗ್ರಂಥಿಯ ಟಿಬಿಯಲ್ಲಿ ಐವರಲ್ಲಿ ಒಬ್ಬರವರೆಗೂ ಇದು ಕಂಡುಬರುತ್ತದೆ, ಹೆಚ್ಚಾಗಿ ಚಿಕಿತ್ಸೆಯ ಮೊದಲ ಮೂರು ತಿಂಗಳಲ್ಲಿ. ನಿಮ್ಮ ತಂಗಿಯ ಏಳು ವಾರ ಈ ಅವಧಿಯೊಳಗೇ ಬರುತ್ತದೆ. ಗಂಟು ಮೊದಲು ಕುಗ್ಗಿ ಆಮೇಲೆ ಬೆಳೆದದ್ದೂ ಇದಕ್ಕೆ ಹೊಂದುತ್ತದೆ.

ಆದರೆ ಹೊಂದುತ್ತದೆ ಎಂಬುದೇ ಸಾಕ್ಷ್ಯವಲ್ಲ. ಪ್ಯಾರಡಾಕ್ಸಿಕಲ್ ಪ್ರತಿಕ್ರಿಯೆ ಎಂಬ ತೀರ್ಮಾನಕ್ಕೆ ಬರಬೇಕಾದದ್ದು ಬೇರೆ ಕಾರಣಗಳನ್ನು ಬದಿಗೆ ಸರಿಸಿದ ಮೇಲೆ. ಮೊದಲನೆಯದು, ಮಾತ್ರೆಗಳು ಒಂದು ದಿನವೂ ತಪ್ಪದೆ, ತೂಕಕ್ಕೆ ತಕ್ಕ ಪ್ರಮಾಣದಲ್ಲಿ ಹೋಗಿವೆಯೇ ಎಂಬುದು. ಇದನ್ನು ತಂಗಿಯ ಬಳಿ ಗದರದೆ ಕೇಳಿ. ವಾಂತಿಯೆಂದೋ ಹೊಟ್ಟೆ ತೊಳಸುತ್ತದೆಂದೋ ಮಾತ್ರೆ ಬಿಟ್ಟು, ಮನೆಯವರಿಗೆ ಹೇಳಲು ಅಂಜುವ ಹುಡುಗಿಯರಿದ್ದಾರೆ. ಎರಡನೆಯದು ಹೆಚ್ಚು ಮುಖ್ಯ ಮತ್ತು ಹೆಚ್ಚಾಗಿ ತಪ್ಪಿಹೋಗುವುದೂ ಅದೇ. ಸಿಬಿನಾಟ್ ಹೇಳಿದ್ದು ರಿಫಾಂಪಿಸಿನ್ ವಿಷಯ ಮಾತ್ರ. ಇನ್ನೊಂದು ಮುಖ್ಯ ಔಷಧವಾದ ಐಸೋನಿಯಾಜಿಡ್‌ಗೆ ಪ್ರತಿರೋಧ ಇದೆಯೇ ಇಲ್ಲವೇ ಎಂಬುದು ಅದರಿಂದ ತಿಳಿಯುವುದಿಲ್ಲ. ಆದ್ದರಿಂದ ಈಗ ಬೆಳೆದಿರುವ ಗಂಟಿನಿಂದ ಇನ್ನೊಮ್ಮೆ ಸೂಜಿಯಲ್ಲಿ ದ್ರವ ತೆಗೆದು, ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರ್ ಮತ್ತು ಔಷಧ ಸಂವೇದನೆಯ ಪರೀಕ್ಷೆಗೆ ಕಳಿಸಲು ಕೇಳಿ. ಅದೇ ದ್ರವವನ್ನು ಸಾಮಾನ್ಯ ಬ್ಯಾಕ್ಟೀರಿಯಾಕ್ಕೂ ನೋಡಬೇಕು, ಸ್ಲೈಡನ್ನು ಲಿಂಫೋಮಾ ಎಂಬ ದುಗ್ಧಗ್ರಂಥಿಯ ಕ್ಯಾನ್ಸರ್ ದೃಷ್ಟಿಯಿಂದಲೂ ಮತ್ತೊಮ್ಮೆ ನೋಡಬೇಕು. ಎಚ್‌ಐವಿ ಪರೀಕ್ಷೆ ಆಗಿರದಿದ್ದರೆ ಅದೂ ಆಗಲಿ; ಟಿಬಿ ಇರುವ ಎಲ್ಲರಿಗೂ ಮಾಡುವ ಪರೀಕ್ಷೆ ಅದು, ಸಂಕೋಚಪಡುವಂಥದ್ದಲ್ಲ.

ಈ ಎರಡನೆಯ ಸುತ್ತಿನ ವರದಿಯನ್ನು ಓದುವಾಗ ಒಂದು ಎಚ್ಚರ ಬೇಕು. ಸತ್ತ ಕ್ರಿಮಿಯ ಡಿಎನ್‌ಎ ಬೇಗ ಕರಗುವುದಿಲ್ಲ, ಹಾಗಾಗಿ ಸಿಬಿನಾಟ್ ಮತ್ತೆ ಪಾಸಿಟಿವ್ ಬರಬಹುದು. ಸ್ಲೈಡಿನಲ್ಲಿ ಮೊದಲು ಕಾಣದಿದ್ದ ಎಎಫ್‌ಬಿ ಈಗ ಒಂದೆರಡು ಕಾಣಲೂಬಹುದು. ಅವು ಬದುಕಿವೆಯೇ ಸತ್ತಿವೆಯೇ ಎಂಬುದನ್ನು ಹೇಳುವುದು ಕಲ್ಚರ್ ಮಾತ್ರ, ಮತ್ತು ದ್ರವ ಮಾಧ್ಯಮದಲ್ಲಿ ಏನೂ ಬೆಳೆಯಲಿಲ್ಲ ಎಂದು ಖಚಿತವಾಗಿ ಹೇಳಲು ಆರು ವಾರ ಕಾಯಬೇಕು. ಅಲ್ಲಿಯವರೆಗೆ ದೇಹದ ಉಳಿದ ಲಕ್ಷಣಗಳನ್ನು ನೋಡಬೇಕಾಗುತ್ತದೆ. ಜ್ವರ ಬಿಟ್ಟು, ಹಸಿವು ಹೆಚ್ಚಿ, ತೂಕ ಏರುತ್ತಿದ್ದು ಗಂಟು ಮಾತ್ರ ದೊಡ್ಡದಾಗಿದ್ದರೆ ಅದು ಪ್ರತಿಕ್ರಿಯೆಯ ಪರವಾಗಿ ನಿಲ್ಲುತ್ತದೆ. ತೂಕ ಇಳಿಯುತ್ತಾ, ಸಂಜೆ ಜ್ವರ ಮರಳಿ ಬಂದಿದ್ದರೆ ನನ್ನ ಅನುಮಾನ ಔಷಧ ಪ್ರತಿರೋಧದ ಕಡೆಗೇ ಹೆಚ್ಚು ವಾಲುತ್ತದೆ. ಎರಡರಲ್ಲಿ ಯಾವುದೇ ಇದ್ದರೂ ನೀವಾಗಿಯೇ ಮಾತ್ರೆ ನಿಲ್ಲಿಸಬಾರದು.

ಸ್ಟೀರಾಯ್ಡ್ ಬಗ್ಗೆ ನಿಮಗಿರುವ ಭಯಕ್ಕೆ ಆಧಾರವಿದೆ. ಗ್ರ್ಯಾನುಲೋಮವನ್ನು ಹಿಡಿದಿಡುವ ಟಿಎನ್‌ಎಫ್ ಅನ್ನು ತಡೆಯುವ ಔಷಧಗಳನ್ನು ಕೀಲುವಾತಕ್ಕೆ ಕೊಟ್ಟಾಗ, ಒಳಗೆ ಸುಪ್ತವಾಗಿದ್ದ ಟಿಬಿ ಎದ್ದುಬಂದ ನಿದರ್ಶನಗಳು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತು. ಟಿಬಿ ಇದ್ದವರಿಗೆ ಬರೀ ಸ್ಟೀರಾಯ್ಡ್ ಕೊಡುವುದೂ ಹಾಗೆಯೇ ಅಪಾಯ. ನಿಮ್ಮ ತಂಗಿಯ ಸ್ಥಿತಿ ಬೇರೆ: ಕ್ರಿಮಿಯನ್ನು ಕೊಲ್ಲುವ ಕೆಲಸವನ್ನು ಈಗ ಮಾತ್ರೆಗಳು ಮಾಡುತ್ತಿವೆ, ಆ ಮಾತ್ರೆಗಳ ಜೊತೆಯಲ್ಲಿ ಕೆಲವು ವಾರ ಕೊಡುವ ಸ್ಟೀರಾಯ್ಡ್ ಟಿ ಕೋಶ ಮತ್ತು ಮ್ಯಾಕ್ರೋಫೇಜ್‌ಗಳ ಅತಿಯಾದ ಪ್ರತಿಕ್ರಿಯೆಯನ್ನಷ್ಟೇ ತಗ್ಗಿಸುತ್ತದೆ. ಮಿದುಳು ಪೊರೆಯ ಟಿಬಿಯಲ್ಲಿ ಹೀಗೆ ಜೊತೆಯಾಗಿ ಕೊಡುವುದು ಸ್ಥಾಪಿತ ಪದ್ಧತಿ, ಏಕೆಂದರೆ ತಲೆಬುರುಡೆಯೊಳಗೆ ಊತಕ್ಕೆ ಜಾಗವಿಲ್ಲ. ಕುತ್ತಿಗೆಯ ಗಂಟಿನ ವಿಷಯದಲ್ಲಿ ಪುರಾವೆ ಅಷ್ಟು ಗಟ್ಟಿಯಾಗಿಲ್ಲ, ಮತ್ತು ಬಹಳ ಗಂಟುಗಳು ವಾರಗಳಲ್ಲಿ, ಕೆಲವೊಮ್ಮೆ ತಿಂಗಳುಗಳಲ್ಲಿ, ತಾವೇ ಇಳಿಯುತ್ತವೆ. ಅದಕ್ಕೇ ನೋವು ಸಹಿಸುವಷ್ಟಿದ್ದು, ಚರ್ಮ ತೆಳುವಾಗದೆ, ಉಸಿರಿಗೂ ನುಂಗುವುದಕ್ಕೂ ತೊಂದರೆಯಾಗದೆ ಇದ್ದರೆ ಸಾಮಾನ್ಯ ನೋವಿನ ಮಾತ್ರೆಯೊಂದಿಗೆ ಕಾಯುವುದು ನನಗೆ ಒಪ್ಪುವ ದಾರಿ. ಗಂಟು ಒತ್ತುತ್ತಿದ್ದರೆ, ತೀವ್ರ ನೋವಿದ್ದರೆ ಸ್ಟೀರಾಯ್ಡ್ ಸಮಂಜಸ. ಆಗಲೂ ಮೊದಲು ಸೂಜಿ ದ್ರವ ಕಲ್ಚರ್‌ಗೆ ಹೋಗಿರಬೇಕು, ರಕ್ತದ ಸಕ್ಕರೆ ನೋಡಿರಬೇಕು. ಔಷಧ ಪ್ರತಿರೋಧ ಇದ್ದೂ ಅದು ತಿಳಿಯದೆ ಸ್ಟೀರಾಯ್ಡ್ ಕೊಟ್ಟರೆ ಗಂಟು ಇಳಿದಂತೆ ಕಂಡು ಕ್ರಿಮಿ ಒಳಗೇ ಬೆಳೆಯಬಹುದು. ನಿಜವಾದ ಅಪಾಯ ಅಲ್ಲಿದೆ. ರಿಫಾಂಪಿಸಿನ್ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ದೇಹದಿಂದ ಬೇಗ ಹೊರಹಾಕಿಸುತ್ತದೆ, ಆದ್ದರಿಂದ ಪ್ರಮಾಣವನ್ನು ವೈದ್ಯರು ಅದಕ್ಕೆ ತಕ್ಕಂತೆ ಲೆಕ್ಕ ಹಾಕುತ್ತಾರೆ. ಔಷಧ ಅಂಗಡಿಯಲ್ಲಿ ಕೇಳಿ ತೆಗೆದುಕೊಳ್ಳುವುದಾಗಲಿ, ಒಮ್ಮೆಲೇ ನಿಲ್ಲಿಸುವುದಾಗಲಿ ಸಲ್ಲದು.

ಕೊಯ್ಸುವ ಮಾತಿಗೆ ನನ್ನ ಉತ್ತರ ಸ್ಪಷ್ಟ: ಬೇಡ. ಕೀವುಗಡ್ಡೆಯನ್ನು ಕೊಯ್ದಂತೆ ಟಿಬಿ ಗಂಟನ್ನು ಕೊಯ್ದರೆ ಆ ಗಾಯ ಮಾಯದೆ, ತಿಂಗಳುಗಟ್ಟಲೆ ಸೋರುವ ರಂಧ್ರವಾಗಿ ಉಳಿಯಬಹುದು. ಒಳಗೆ ದ್ರವ ತುಂಬಿ ಚರ್ಮ ಒಡೆಯುವಂತಾದರೆ ಗಂಟಿನ ಮೇಲ್ಭಾಗದ ಆರೋಗ್ಯವಂತ ಚರ್ಮದ ಮೂಲಕ, ಓರೆಯಾಗಿ ದಪ್ಪ ಸೂಜಿ ಹಾಕಿ ಎಳೆಯುತ್ತಾರೆ. ಹಾಗೆ ಮಾಡಿದರೆ ಸೂಜಿಯ ದಾರಿಯಲ್ಲಿ ದ್ರವ ಸೋರಿ ಬರುವುದಿಲ್ಲ. ಬೇಕಾದರೆ ಇದನ್ನು ಮತ್ತೆ ಮತ್ತೆ ಮಾಡಬಹುದು. ಬರೆ ಹಾಕಿಸುವುದು, ಸೊಪ್ಪು ಅರೆದು ಕಟ್ಟುವುದು ಬೇಡವೇ ಬೇಡ, ಚರ್ಮ ಸುಟ್ಟು ಬೇರೆ ಸೋಂಕು ಸೇರಿಕೊಳ್ಳುತ್ತದೆ. ಇನ್ನು, ಎದೆಯ ಎಕ್ಸ್‌ರೇ ಮತ್ತು ಕಫದ ಪರೀಕ್ಷೆಯಲ್ಲಿ ಶ್ವಾಸಕೋಶಕ್ಕೆ ಏನೂ ಆಗಿಲ್ಲವೆಂದು ತಿಳಿದಿದ್ದರೆ ಕುತ್ತಿಗೆಯ ಗಂಟು ಯಾರಿಗೂ ಅಂಟುವುದಿಲ್ಲ. ತಟ್ಟೆ ಲೋಟ ಬೇರೆ ಇಡಬೇಕಾಗಿಲ್ಲ.

ಆರು ತಿಂಗಳ ಚಿಕಿತ್ಸೆ ಮುಗಿದಾಗಲೂ ಒಂದು ಸಣ್ಣ ಗಟ್ಟಿ ಗಂಟು ಕೈಗೆ ಸಿಗಬಹುದು. ಅದು ನಾರುಗಟ್ಟಿದ, ಕೆಲವೊಮ್ಮೆ ಸುಣ್ಣ ಕಟ್ಟಿದ ಹಳೆಯ ಗ್ರ್ಯಾನುಲೋಮ. ಬೆಳೆಯದೆ ನೋಯದೆ ಇದ್ದರೆ ಅದೊಂದೇ ಕಾರಣಕ್ಕೆ ಔಷಧವನ್ನು ಮುಂದುವರಿಸಬೇಕಾಗಿಲ್ಲ. ಆದರೂ ಕೆಲವು ತಿಂಗಳು ವೈದ್ಯರು ಕೈಯಿಟ್ಟು ನೋಡುತ್ತಿರಬೇಕು. ಈಗಿನ ಭೇಟಿಗೆ ಹೋಗುವಾಗ ಖಾಲಿಯಾದ ಮಾತ್ರೆ ಪಟ್ಟಿಗಳು, ಚಿಕಿತ್ಸೆ ಶುರುವಾದಂದಿನ ತೂಕ ಮತ್ತು ಇವತ್ತಿನ ತೂಕ, ಹಳೆಯ ಸೂಜಿ ಪರೀಕ್ಷೆಯ ವರದಿ ಮತ್ತು ಸಾಧ್ಯವಾದರೆ ಅದರ ಸ್ಲೈಡುಗಳನ್ನೂ ತೆಗೆದುಕೊಂಡು ಹೋಗಿ. ಇದೇ ಪ್ರತಿಕ್ರಿಯೆ ಅಪರೂಪಕ್ಕೆ ಮಿದುಳಿನಲ್ಲೋ ಎದೆಗೂಡಿನ ಗ್ರಂಥಿಗಳಲ್ಲೋ ಆಗುವುದುಂಟು. ಬಿಡದ ತಲೆನೋವಿನೊಂದಿಗೆ ವಾಂತಿ, ದೃಷ್ಟಿ ಮಂಜಾಗುವುದು, ಫಿಟ್ಸ್, ಉಸಿರಾಟಕ್ಕೆ ಕಷ್ಟ, ಇವುಗಳಲ್ಲಿ ಯಾವುದೊಂದು ಕಂಡರೂ ಮುಂದಿನ ಭೇಟಿಯ ದಿನಕ್ಕೆ ಕಾಯದೆ ಅಂದೇ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಕರೆದುಕೊಂಡು ಹೋಗಿ.